ತೂಕ ಹಸಿರು ಪಟ್ಟಿಯಲ್ಲೇ ಇದೆ, ಆದರೂ ನರ್ಸಬಾಯಿ ಏಕೆ ಹುಬ್ಬು ಗಂಟಿಕ್ಕಿದರು? ತಾಯಿ ಕಾರ್ಡಿನ ಬೆಳವಣಿಗೆ ಚಾರ್ಟನ್ನು ಓದುವ ಬಗೆ

ಚಿಕ್ಕೋಡಿ ತಾಲೂಕಿನ ಸದಲಗಾದಂತಹ ಊರಿನಲ್ಲಿ ಲಸಿಕೆಯ ದಿನ ಅಂಗನವಾಡಿಯ ಮುಂದೆ ನಿಂತರೆ ಒಂದು ಮಾತು ಪದೇಪದೇ ಕಿವಿಗೆ ಬೀಳುತ್ತದೆ: "ಎಷ್ಟ್ ಬಂತ್ರೀ ತೂಕ?" ಕಿಲೋ ಎಷ್ಟೆಂದು ತಿಳಿದರೆ ಸಾಕು, ತಾಯಿ ಕಾರ್ಡು ಮತ್ತೆ ಪ್ಲಾಸ್ಟಿಕ್ ಚೀಲ ಸೇರುತ್ತದೆ. ಆ ಕಾರ್ಡಿನೊಳಗೆ ಬಣ್ಣದ ಪಟ್ಟಿಗಳಿರುವ ಒಂದು ಪುಟವಿದೆ. ನರ್ಸ್ ಅಥವಾ ಅಂಗನವಾಡಿ ಕಾರ್ಯಕರ್ತೆ ಅದರಲ್ಲಿ ಒಂದು ಚುಕ್ಕೆ ಇಡುತ್ತಾರೆ. ಆ ಚುಕ್ಕೆ ಏನು ಹೇಳುತ್ತದೆ ಎಂದು ಪಾಲಕರಿಗೆ ಬಿಡಿಸಿ ಹೇಳುವಷ್ಟು ಬಿಡುವು ಲಸಿಕೆಯ ಗದ್ದಲದಲ್ಲಿ ಸಿಗುವುದು ಕಡಿಮೆ. ಹಾಗಾಗಿ ಹೆಚ್ಚಿನವರು ತಾವೇ ಒಂದು ಅರ್ಥ ಮಾಡಿಕೊಂಡಿರುತ್ತಾರೆ: ಹಸಿರು ಅಂದರೆ ಪಾಸು, ಹಳದಿ ಅಂದರೆ ಜಸ್ಟ್ ಪಾಸು, ಕಿತ್ತಳೆ ಅಂದರೆ ಫೇಲು.

ಈ ಅರ್ಥ ಪೂರ್ತಿ ತಪ್ಪಲ್ಲ. ಆದರೆ ಇದನ್ನೇ ನಂಬಿಕೊಂಡರೆ ಚಾರ್ಟು ಹೇಳುವ ಮುಖ್ಯ ಮಾತು ತಪ್ಪಿಹೋಗುತ್ತದೆ. ಅದು ಹೇಗೆಂದು ನೋಡಲು 9 ತಿಂಗಳ ಭೇಟಿಯೊಂದನ್ನೇ ತೆಗೆದುಕೊಳ್ಳೋಣ. ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸು, ವಿಟಮಿನ್ ಎ ಹನಿ ಕೊಡುವುದು ಈ ಭೇಟಿಯಲ್ಲೇ. ಮಗುವಿನ ಬೆಳವಣಿಗೆ ಎಡವುವುದು ಬಹಳ ಸಲ ಕಾಣಿಸಿಕೊಳ್ಳುವುದೂ ಈ ವಯಸ್ಸಿನಲ್ಲೇ.

ಎರಡು ಹೆಣ್ಣುಮಕ್ಕಳು, ಎರಡು ಗೆರೆ

ಉದಾಹರಣೆಗೆಂದು ನಾವು ಇಬ್ಬರು ಹೆಣ್ಣುಮಕ್ಕಳನ್ನು ಕಲ್ಪಿಸಿಕೊಂಡಿದ್ದೇವೆ. ಇಬ್ಬರಿಗೂ ಇಂದಿಗೆ 9 ತಿಂಗಳು ತುಂಬಿದೆ.

ಮೊದಲನೆಯ ಮಗು ಹುಟ್ಟಿದಾಗ 2.7 ಕಿಲೋ ಇತ್ತು. 3 ತಿಂಗಳಿಗೆ 5.2, 6 ತಿಂಗಳಿಗೆ 6.5 ಕಿಲೋ ಆಯಿತು. ಇಂದು ತೂಗಿದರೆ 6.7. ಎರಡನೆಯ ಮಗು ಹುಟ್ಟಿದಾಗ 2.3 ಕಿಲೋ, 3 ತಿಂಗಳಿಗೆ 4.4, 6 ತಿಂಗಳಿಗೆ 5.6, ಇಂದು 6.4.

ಚಾರ್ಟಿನಲ್ಲಿ ಅಡ್ಡಕ್ಕೆ ತಿಂಗಳು, ಉದ್ದಕ್ಕೆ ಕಿಲೋ ಇರುತ್ತದೆ. ಹೆಣ್ಣುಮಕ್ಕಳಿಗೆ ಗುಲಾಬಿ ಪುಟ, ಗಂಡುಮಕ್ಕಳಿಗೆ ನೀಲಿ ಪುಟ. ಒಂದೇ ವಯಸ್ಸಿನಲ್ಲಿ ಗಂಡುಮಕ್ಕಳ ಸರಾಸರಿ ತೂಕ ತುಸು ಹೆಚ್ಚಾಗಿರುವುದರಿಂದ ಪುಟ ಅದಲುಬದಲಾದರೆ ಲೆಕ್ಕವೂ ತಪ್ಪುತ್ತದೆ. 9 ತಿಂಗಳ ಹೆಣ್ಣುಮಗುವಿಗೆ ಹಸಿರು ಪಟ್ಟಿ 6.5 ಕಿಲೋದಿಂದ ಮೇಲೆ. 6.5ರಿಂದ ಕೆಳಗೆ 5.8ರವರೆಗೆ ಹಳದಿ. ಅದಕ್ಕೂ ಕೆಳಗಿದ್ದರೆ ಕಿತ್ತಳೆ.

ಆ ಲೆಕ್ಕದಲ್ಲಿ ಮೊದಲನೆಯ ಮಗು ಹಸಿರಿನಲ್ಲಿದೆ, ಎರಡನೆಯದು ಹಳದಿಯಲ್ಲಿದೆ. ಹಾಗಿದ್ದರೆ ಎರಡನೆಯ ಮಗುವಿನ ಬಗ್ಗೆ ತಾನೇ ಚಿಂತಿಸಬೇಕು? ಅನುಭವಿ ನರ್ಸಬಾಯಿ ಮೊದಲು ಬೆರಳಿಡುವುದು ಮೊದಲನೆಯ ಮಗುವಿನ ಮೇಲೆ. ಅಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ.

"ಹಸಿರಾಗನ ಐತಲ್ರೀ ಬಾಯಾರ, ಮತ್ತ್ಯಾಕ?"

"ಹಸಿರಾಗನ ಐತಿ ತಂಗಿ, ಇಲ್ಲ ಅನ್ನಂಗಿಲ್ಲ. ಚುಕ್ಕಿ ಬಿಡು, ಗೆರಿ ನೋಡು. ಆರ ತಿಂಗಳ ತನಕ ಹೆಂಗ ಏರಿತ್ತು, ಈಗ ಹೆಂಗ ಮಲಗೇತಿ ನೋಡು."

ಮೊದಲ ಮಗು 6ರಿಂದ 9 ತಿಂಗಳ ನಡುವೆ ಪಡೆದ ತೂಕ ಬರೀ 200 ಗ್ರಾಂ. ಅದುವರೆಗೆ ಅದು ಹಿಡಿದುಬಂದ ದಾರಿಯಲ್ಲೇ ಹೋಗಿದ್ದರೆ ಸುಮಾರು 800 ಗ್ರಾಂ ಏರಿ 7.3 ಕಿಲೋ ಆಗಬೇಕಿತ್ತು. ಎರಡನೆಯ ಮಗು ಅದೇ ಮೂರು ತಿಂಗಳಲ್ಲಿ 800 ಗ್ರಾಂ ಪಡೆದಿದೆ. ಅದು ಸಣ್ಣದಾಗಿ ಹುಟ್ಟಿತು, ಸಣ್ಣದಾಗಿಯೇ ಇದೆ, ಆದರೆ ಚಾರ್ಟಿನ ಗೆರೆಗೆ ಜೋಡಿಯಾಗಿ ಏರುತ್ತಿದೆ. ಅದಕ್ಕೂ ಆರೈಕೆ ಬೇಕು, ತಿಂಗಳಿಗೊಮ್ಮೆ ತೂಗಲೇಬೇಕು. ಮೊದಲ ಮಗುವಿಗಾದರೋ ಈ ಮೂರು ತಿಂಗಳಲ್ಲಿ ಹೊಸದಾಗಿ ಏನೋ ಆಗಿದೆ. ಇದೇ ವೇಗದಲ್ಲಿ ಹೋದರೆ ಮುಂದಿನ ಒಂದೆರಡು ತಿಂಗಳಲ್ಲಿ ಅದು ಹಳದಿಗೆ ಇಳಿಯುತ್ತದೆ. ಬಣ್ಣ ಬದಲಾಗುವ ಮೊದಲೇ ಅದನ್ನು ಹಿಡಿಯಬಹುದು ಎಂಬ ಕಾರಣಕ್ಕೇ ಪ್ರತಿ ತಿಂಗಳೂ ಚುಕ್ಕೆ ಇಟ್ಟು ಗೆರೆ ಎಳೆಯುವುದು.

ಇಲ್ಲೊಂದು ಎಚ್ಚರ ಬೇಕು. ಗೆರೆ ಎಲ್ಲ ಮಕ್ಕಳಲ್ಲೂ ಬಾಗುತ್ತದೆ. ಹೆಣ್ಣುಮಗುವಿನ ಮಧ್ಯದ ಗೆರೆಯನ್ನೇ ನೋಡಿ: ಮೊದಲ 3 ತಿಂಗಳಲ್ಲಿ 2.6 ಕಿಲೋ ಏರುತ್ತದೆ, ಮುಂದಿನ 3 ತಿಂಗಳಲ್ಲಿ 1.5, ಆಮೇಲಿನ 3 ತಿಂಗಳಲ್ಲಿ 0.9 ಕಿಲೋ. "ಮೊದ್ಲ ತಿಂಗಳಿಗೆ ಮುಕ್ಕಾಲ ಕಿಲೋ ಏರತಿತ್ತು, ಈಗ ಕಾಲ ಕಿಲೋನೂ ಏರವಲ್ದು" ಎಂದು ಗಾಬರಿಯಾಗುವ ತಾಯಂದಿರು ಬಹಳ. ವೇಗ ತಗ್ಗುವುದು ಸಹಜ. ಹಾಗಾಗಿ ಮಗುವಿನ ಹಳೆಯ ವೇಗಕ್ಕೆ ಹೋಲಿಸಬೇಡಿ, ಪಕ್ಕದಲ್ಲಿ ಅಚ್ಚಾಗಿರುವ ಗೆರೆಗೆ ಹೋಲಿಸಿ. ಅಚ್ಚಿನ ಗೆರೆ ಬಾಗಿದಷ್ಟೇ ನಿಮ್ಮ ಮಗುವಿನ ಗೆರೆ ಬಾಗಿದ್ದರೆ ತೊಂದರೆಯಿಲ್ಲ.

ತೂಕವೇ ತಪ್ಪಿದ್ದರೆ?

ಗೆರೆ ಮಲಗಿದ್ದು ಕಂಡ ಕೂಡಲೇ ಮಾಡಬೇಕಾದ ಕೆಲಸ ಇನ್ನೊಮ್ಮೆ ತೂಗುವುದು. ನಮ್ಮ ಕಡೆ ಮಗುವಿನ ಸೊಂಟಕ್ಕೆ ಬೆಳ್ಳಿ ಉಡಿದಾರ, ಕೈಗೆ ಕಡಗ, ಕಾಲಿಗೆ ಗೆಜ್ಜೆ ಇರುತ್ತವೆ. ಚಳಿಗಾಲದಲ್ಲಿ ಸ್ವೆಟರ್, ಕುಲಾಯಿ ಬೇರೆ. 6 ತಿಂಗಳಲ್ಲಿ ಇವೆಲ್ಲದರ ಸಮೇತ ತೂಗಿ, 9 ತಿಂಗಳಲ್ಲಿ ತೆಗೆದು ತೂಗಿದರೆ ಇನ್ನೂರು ಮುನ್ನೂರು ಗ್ರಾಂ ಅಲ್ಲೇ ಕಳೆದುಹೋಗುತ್ತದೆ. ಮೂರು ತಿಂಗಳಲ್ಲಿ 800 ಗ್ರಾಂ ಏರಬೇಕಾದ ಮಗುವಿನ ಲೆಕ್ಕದಲ್ಲಿ ಇದು ಸಣ್ಣ ತಪ್ಪಲ್ಲ. ತಕ್ಕಡಿ ಖಾಲಿ ಇದ್ದಾಗ ಸೊನ್ನೆ ತೋರಿಸುತ್ತಿದೆಯೇ ಎಂದು ನೋಡಬೇಕು. ಜೋಳಿಗೆಯ ತಕ್ಕಡಿಯಾದರೆ ಜೋಳಿಗೆ ತೂಗುಹಾಕಿದ ಮೇಲೆ ಸೊನ್ನೆಗೆ ತರಬೇಕು. ಮಗು ಒದ್ದಾಡುವಾಗ ಮುಳ್ಳು ಓಡಾಡುತ್ತದೆ, ಅದು ನಿಂತ ಮೇಲೆ ಓದಬೇಕು. ಬಟ್ಟೆ ಆದಷ್ಟು ಕಡಿಮೆ ಇರಲಿ.

ಇನ್ನೊಂದು ತಪ್ಪು ವಯಸ್ಸಿನದು. ಚಾರ್ಟಿನಲ್ಲಿ ತುಂಬಿದ ತಿಂಗಳು ಲೆಕ್ಕಕ್ಕೆ ಬರುತ್ತದೆ, ನಡೆಯುತ್ತಿರುವ ತಿಂಗಳಲ್ಲ. "ಹತ್ತನೇ ತಿಂಗಳ ನಡದೈತಿ" ಎಂದು ಹೇಳಿದರೆ ಚುಕ್ಕೆ 10ರ ಮೇಲೆ ಬೀಳಬಹುದು, ಆಗ ಮಗು ಇರುವುದಕ್ಕಿಂತ ಹಿಂದುಳಿದಂತೆ ಕಾಣುತ್ತದೆ. ಬಾಯಿಲೆಕ್ಕಕ್ಕಿಂತ ಜನ್ಮ ದಿನಾಂಕ ಹೇಳುವುದು ಒಳ್ಳೆಯದು.

ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಲೆಕ್ಕ ಬೇರೆ. 40 ವಾರ ತುಂಬಬೇಕಾದ ಮಗು 32ನೇ ವಾರಕ್ಕೇ ಹುಟ್ಟಿದ್ದರೆ 8 ವಾರ ಕಳೆಯಬೇಕು. ಅಂದರೆ ಹುಟ್ಟಿ 9 ತಿಂಗಳಾದಾಗ ಅದನ್ನು ಸುಮಾರು 7 ತಿಂಗಳ ಮಗುವಿನಂತೆ ನೋಡಬೇಕು. ಸಾಮಾನ್ಯವಾಗಿ 2 ವರ್ಷ ತುಂಬುವವರೆಗೂ ಬೆಳವಣಿಗೆಯನ್ನು ಹೀಗೆ ತಿದ್ದಿಕೊಂಡು ನೋಡುತ್ತಾರೆ. ಲಸಿಕೆಗೆ ಮಾತ್ರ ಈ ಕಳೆಯುವ ಲೆಕ್ಕ ಹಚ್ಚಬಾರದು. ಲಸಿಕೆ ಹುಟ್ಟಿದ ದಿನದ ಪ್ರಕಾರವೇ.

ತೂಗಿದರೆ ನದರು ಆಗುತ್ತದೆ, ಮಗು ಸೊರಗುತ್ತದೆ ಎಂದು ತಕ್ಕಡಿಯ ಹತ್ತಿರವೇ ತರದ ಮನೆಗಳೂ ಇವೆ. ಅಜ್ಜಿಯರ ಜತೆ ಈ ವಾದಕ್ಕೆ ಇಳಿದು ಗೆದ್ದವರನ್ನು ನಾವು ಕಂಡಿಲ್ಲ. ಕಪ್ಪು ಬೊಟ್ಟು ಇಟ್ಟುಕೊಂಡೇ ತೂಗಿಸಿ ಅನ್ನುವ ನರ್ಸಬಾಯಿಯ ಉಪಾಯವೇ ವಾಸಿ. ಬೊಟ್ಟಿಗೆ ತೂಕವಿಲ್ಲ.

"ಇದು ಫಾರಿನ್ ಮಕ್ಕಳ ಚಾರ್ಟಂತೆ"

ಓದಿಕೊಂಡ ಪಾಲಕರಿಂದ ಹೆಚ್ಚಾಗಿ ಬರುವ ಆಕ್ಷೇಪ ಇದು. ನಮ್ಮ ಮಕ್ಕಳು ಹುಟ್ಟಾ ಸಣ್ಣ, ವಿದೇಶಿ ಮಕ್ಕಳ ಅಳತೆಗೋಲು ನಮಗೇಕೆ ಎಂಬುದು ವಾದ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಈ ಮಾನದಂಡವನ್ನು ಹೊರತಂದಿತು. ಅದಕ್ಕಾಗಿ 1997ರಿಂದ 2003ರವರೆಗೆ ಆರು ದೇಶಗಳ ಸುಮಾರು 8,400 ಮಕ್ಕಳನ್ನು ಅಳೆದಿದ್ದರು: ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ ಮತ್ತು ಭಾರತ. ನಮ್ಮ ಕಡೆಯಿಂದ ದಕ್ಷಿಣ ದೆಹಲಿಯ ಮಕ್ಕಳಿದ್ದರು. ಎದೆಹಾಲು ಕುಡಿದ, ತಾಯಿ ಬೀಡಿ ಸಿಗರೇಟು ಸೇದದ, ಬೆಳೆಯಲು ಅಡ್ಡಿಯಿಲ್ಲದ ಮನೆಗಳ ಮಕ್ಕಳನ್ನೇ ಆರಿಸಿದ್ದರು. ಉದ್ದವನ್ನು ಹೋಲಿಸಿದಾಗ ಮಕ್ಕಳ ನಡುವಿನ ವ್ಯತ್ಯಾಸದಲ್ಲಿ ದೇಶದಿಂದ ದೇಶಕ್ಕೆ ಇದ್ದದ್ದು ಸುಮಾರು 3% ಮಾತ್ರ. ಒಂದೇ ಊರಿನ ಒಂದು ಮಗುವಿಗೂ ಇನ್ನೊಂದು ಮಗುವಿಗೂ ಇದ್ದ ವ್ಯತ್ಯಾಸವೇ 70%. ಅಂದರೆ ಹೊಟ್ಟೆತುಂಬ ಊಟ, ರೋಗವಿಲ್ಲದ ಮನೆ ಸಿಕ್ಕರೆ ಮೊದಲ ಐದು ವರ್ಷ ಎಲ್ಲ ಕಡೆಯ ಮಕ್ಕಳೂ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಬೆಳೆಯುತ್ತಾರೆ. 5 ವರ್ಷ ದಾಟಿದ ಮೇಲೆ ಭಾರತದ ಮಕ್ಕಳ ವೈದ್ಯರ ಸಂಘ 2015ರಲ್ಲಿ ಹೊರತಂದ ನಮ್ಮದೇ ಚಾರ್ಟು ಬಳಕೆಯಲ್ಲಿದೆ.

ಗಡಿಭಾಗದ ಮನೆಗಳಿಗೆ ಇದರಿಂದ ಒಂದು ಅನುಕೂಲವಿದೆ. ತವರು ಇಚಲಕರಂಜಿ ಕಡೆ ಇದ್ದು, ಹೆರಿಗೆ ಅಲ್ಲೇ ಆಗಿ, ಕಾರ್ಡು ಮರಾಠಿಯಲ್ಲಿದ್ದರೂ ಗೆರೆಗಳು ಇವೇ. ಹೊಸ ಕಾರ್ಡು ಮಾಡಿಸಿ ಹಳೆಯದನ್ನು ಎಸೆಯಬೇಡಿ. ಹಿಂದಿನ ಚುಕ್ಕೆಗಳಿಲ್ಲದೆ ಇಂದಿನ ಚುಕ್ಕೆಗೆ ಅರ್ಥ ಅರ್ಧ ಮಾತ್ರ. ಹಂಗಾಮಿಗೆ ಕಬ್ಬು ಕಡಿಯಲು ಬರುವ ಗ್ಯಾಂಗಿನ ಮಕ್ಕಳಿಗಂತೂ ಈ ಕಾರ್ಡು ಬಿಟ್ಟರೆ ಬೇರೆ ದಾಖಲೆ ಕೈಯಲ್ಲಿರುವುದಿಲ್ಲ.

ಹಾಗಂತ ಬಣ್ಣವೇ ರೋಗನಿರ್ಣಯ ಅಲ್ಲ. ಆ ಆರೋಗ್ಯವಂತ ಮಕ್ಕಳಲ್ಲೂ ನೂರಕ್ಕೆ ಎರಡು ಮೂರು ಮಕ್ಕಳ ತೂಕ ಹಸಿರು ಪಟ್ಟಿಯ ಕೆಳಗೇ ಇತ್ತು. ಮಧ್ಯದ ಗೆರೆಯೂ ಪಾಸಾಗುವ ಗೆರೆಯಲ್ಲ, ಆರೋಗ್ಯವಂತ ಮಕ್ಕಳಲ್ಲಿ ಅರ್ಧದಷ್ಟು ಅದರ ಕೆಳಗೇ ಇರುತ್ತಾರೆ. ಇದಕ್ಕಿಂತ ಮೋಸದ ಅಳತೆ ಎಂದರೆ ಪಕ್ಕದ ಮನೆಯ ಮಗು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 5 ವರ್ಷದೊಳಗಿನ ಸುಮಾರು 33% ಮಕ್ಕಳ ತೂಕ ವಯಸ್ಸಿಗೆ ತಕ್ಕಷ್ಟಿಲ್ಲ. "ನಮ್ಮ ಓಣ್ಯಾಗಿನ ಹುಡುಗ್ರೆಲ್ಲಾ ಹಿಂಗ ಅದಾರ" ಎಂಬ ಸಮಾಧಾನ ಎಷ್ಟು ಟೊಳ್ಳು ಎಂದು ಇದರಿಂದ ತಿಳಿಯುತ್ತದೆ.

ಈ ಚಾರ್ಟಿಗೆ ಇನ್ನೊಂದು ಮಿತಿಯೂ ಇದೆ. ವಯಸ್ಸಿಗೆ ತಕ್ಕ ತೂಕ ನೋಡಿದರೆ ಮಗು ಕುಳ್ಳಗಿದೆಯೋ, ಸೊರಗಿದೆಯೋ ತಿಳಿಯುವುದಿಲ್ಲ. ಎರಡಕ್ಕೂ ತೂಕ ಒಂದೇ ಬರಬಹುದು. ಅದಕ್ಕೇ ಅಂಗನವಾಡಿಯಲ್ಲಿ ಮಗುವನ್ನು ಮಲಗಿಸಿ ಉದ್ದವನ್ನೂ ಅಳೆಯುತ್ತಾರೆ, ತೋಳಿಗೆ ಬಣ್ಣದ ಟೇಪು ಸುತ್ತುತ್ತಾರೆ. 6 ತಿಂಗಳಿಂದ 5 ವರ್ಷದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ, ಅಥವಾ ಎರಡೂ ಪಾದ ಬಾತು ಒತ್ತಿದಲ್ಲಿ ಗುಳಿ ಬಿದ್ದರೆ, ಚಾರ್ಟಿನ ಬಣ್ಣ ಯಾವುದೇ ಇರಲಿ, ಅದು ತೀವ್ರ ಅಪೌಷ್ಟಿಕತೆ. ಮುಂದಿನ ತಿಂಗಳವರೆಗೆ ಕಾಯದೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಅಗತ್ಯವಿದ್ದರೆ ಅವರು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸುತ್ತಾರೆ.

6ರಿಂದ 9 ತಿಂಗಳ ನಡುವೆ ಆದದ್ದೇನು?

ನಮ್ಮ ಮೊದಲ ಮಗುವಿಗೆ ಮರಳೋಣ. ಗೆಜ್ಜೆ, ಉಡಿದಾರ ತೆಗೆದು ಮತ್ತೆ ತೂಗಿದರೂ 6.7 ಬಂತು ಅಂದುಕೊಳ್ಳಿ. ಆಗ ನರ್ಸ್ ಕೇಳುವ ಪ್ರಶ್ನೆ ಎರಡು: ಈ ನಡುವೆ ಜ್ವರ, ಭೇದಿ ಆಗಿತ್ತೇ? ಏನು ತಿನ್ನಿಸುತ್ತಿದ್ದೀರಿ?

"ಬ್ಯಾಳಿ ಕಟ್ಟು ಕುಡಸ್ತೀನ್ರೀ. ಗಟ್ಟಿ ಕೊಟ್ರ ಗಂಟಲಾಗ ಸಿಗತೈತಿ ಅಂತಾರ ನಮ್ಮತ್ತಿ. ಮತ್ತ ಚಾದಾಗ ಎದ್ದಿ ಬಿಸ್ಕೀಟ."

ಸಮಸ್ಯೆ ಬಹುತೇಕ ಇಲ್ಲೇ ಇದೆ. 6 ತಿಂಗಳವರೆಗೆ ಎದೆಹಾಲೊಂದೇ ಸಾಕಾಗುತ್ತದೆ, ಆಮೇಲೆ ಸಾಲುವುದಿಲ್ಲ. ಬೇಳೆಯ ಕಟ್ಟು ಎಂದರೆ ಹೆಚ್ಚಿನ ಪಾಲು ನೀರು. ಮಗುವಿನ ಹೊಟ್ಟೆ ಅದರಿಂದ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. ಚಹಾ ಊಟದಿಂದ ಸಿಗುವ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಅತ್ತೆಯ ಭಯವೂ ಸುಮ್ಮನೆ ಹುಟ್ಟಿದ್ದಲ್ಲ, ಇಡೀ ಶೇಂಗಾ ಕಾಳು ಕೊಟ್ಟರೆ ಗಂಟಲಿಗೆ ಸಿಕ್ಕೇ ಸಿಗುತ್ತದೆ. ಆದರೆ ಗಟ್ಟಿ ಎಂದರೆ ಕಾಳು ಎಂದರ್ಥವಲ್ಲ. ಚಮಚ ಓರೆ ಮಾಡಿದರೆ ಹರಿದು ಬೀಳದಷ್ಟು ದಪ್ಪಗಿದ್ದರೆ ಸಾಕು. ಅನ್ನ-ಬೇಳೆಯನ್ನು ಮೆತ್ತಗೆ ಬೇಯಿಸಿ ಕೈಯಲ್ಲಿ ನುರಿದು, ಇಲ್ಲವೇ ರೊಟ್ಟಿ ಚಪಾತಿಯನ್ನು ಬೇಳೆಯಲ್ಲಿ ಚೆನ್ನಾಗಿ ನೆನೆಸಿ ಕಿವುಚಿ, ಮೇಲೆ ಒಂದು ಚಮಚ ತುಪ್ಪವನ್ನೋ ಎಣ್ಣೆಯನ್ನೋ ಹಾಕಿ ಕೊಡಬಹುದು. ನುಣ್ಣಗೆ ಪುಡಿ ಮಾಡಿದ ಶೇಂಗಾ ಬೆರೆಸಬಹುದು. ತಿನ್ನುವ ಮನೆಯಾದರೆ ಬೇಯಿಸಿದ ತತ್ತಿ. 9 ತಿಂಗಳ ಮಗುವಿಗೆ ಪ್ರತಿ ಸಲ ಸುಮಾರು ಅರ್ಧ ಬಟ್ಟಲು, ದಿನಕ್ಕೆ ಮೂರು ನಾಲ್ಕು ಸಲ, ಜತೆಗೆ ಎದೆಹಾಲು. ಜ್ವರ ಬಂದಾಗ ಊಟ ನಿಲ್ಲಿಸಬಾರದು. ಸ್ವಲ್ಪ ಸ್ವಲ್ಪವಾಗಿ ಹೆಚ್ಚು ಸಲ ಕೊಟ್ಟು, ವಾಸಿಯಾದ ಮೇಲೆ ಕೆಲವು ದಿನ ಒಂದು ಊಟ ಹೆಚ್ಚು ಕೊಡಬೇಕು.

ಇದು ಫಲಿಸಿತೇ ಎಂದು ತಿಳಿಯಲು ಚಾರ್ಟನ್ನೇ ನೋಡಬೇಕು. 9ರಿಂದ 10 ತಿಂಗಳಿಗೆ ಅಚ್ಚಿನ ಗೆರೆ ಏರುವುದು 200ರಿಂದ 300 ಗ್ರಾಂ. ಹಿಂದೆ ಬಿದ್ದ ಮಗು ಮೊದಲಿನ ದಾರಿಗೆ ಮರಳಬೇಕಾದರೆ ಅದಕ್ಕಿಂತ ತುಸು ಹೆಚ್ಚೇ ಏರಬೇಕು. 10 ತಿಂಗಳಿಗೆ 7.1 ಬಂದರೆ ಗೆರೆ ಎದ್ದು ಕೂತಿದೆ ಎಂದರ್ಥ. 6.8ರಲ್ಲೇ ನಿಂತಿದ್ದರೆ, ಊಟ ಸರಿಯಾಗಿ ಕೊಟ್ಟ ಮೇಲೂ ಏರಿಲ್ಲವೆಂದರೆ, ವೈದ್ಯರು ಬೇರೆ ಕಾರಣ ಹುಡುಕಬೇಕಾಗುತ್ತದೆ: ರಕ್ತಹೀನತೆ, ಮೂತ್ರದ ಸೋಂಕು, ಮನೆಯಲ್ಲಿ ಯಾರಿಗಾದರೂ ಕ್ಷಯ ಇರುವುದು, ಹುಟ್ಟಿನಿಂದಲೇ ಇರುವ ಹೃದಯದ ತೊಂದರೆ. ಟಾನಿಕ್ ಬಾಟಲಿ ಕೊಂಡುತಂದು ಇನ್ನೆರಡು ತಿಂಗಳು ಕಳೆಯುವುದು ಈ ಹಂತದಲ್ಲಿ ಮಾಡುವ ದೊಡ್ಡ ತಪ್ಪು.

"ಇನ್ನೂ ಅಂಬೆಗಾಲಿಡವಲ್ದು"

ಅದೇ ಕಾರ್ಡಿನಲ್ಲಿ ಮಗು ಯಾವ ತಿಂಗಳಿಗೆ ಏನು ಮಾಡುತ್ತದೆ ಎಂಬ ಚಿತ್ರಗಳಿವೆ. ಇಲ್ಲಿ ಪಾಲಕರ ತಪ್ಪು ತಿಳಿವಳಿಕೆ ಉಲ್ಟಾ. ತೂಕದ ಗೆರೆಯನ್ನು ಹಗುರವಾಗಿ ನೋಡುವವರೇ ಇದನ್ನು ಓಟದ ಪಂದ್ಯದಂತೆ ನೋಡುತ್ತಾರೆ.

ಮೇಲೆ ಹೇಳಿದ ಅಧ್ಯಯನದಲ್ಲೇ, ಬ್ರೆಜಿಲ್ ಬಿಟ್ಟು ಉಳಿದ ಐದು ದೇಶಗಳಲ್ಲಿ, ಆರೋಗ್ಯವಂತ ಮಕ್ಕಳು ಯಾವಾಗ ಕೂತರು, ಯಾವಾಗ ನಡೆದರು ಎಂದು ಬರೆದಿಟ್ಟರು. ಆಸರೆಯಿಲ್ಲದೆ ಕೂರುವುದು 3.8ರಿಂದ 9.2 ತಿಂಗಳ ನಡುವೆ ಎಲ್ಲಾದರೂ ಆಗಬಹುದು. ಒಬ್ಬರೇ ನಡೆಯುವುದು 8.2ರಿಂದ 17.6 ತಿಂಗಳ ನಡುವೆ. ಎಷ್ಟು ಅಗಲದ ಕಿಟಕಿ ನೋಡಿ. ಓರಗಿತ್ತಿಯ ಮಗ 10 ತಿಂಗಳಿಗೆ ನಡೆದ, ನಮ್ಮದು 14 ಆದರೂ ಗೋಡೆ ಹಿಡಿದೇ ಓಡಾಡುತ್ತದೆ ಎಂದರೆ ಇಬ್ಬರೂ ಕಿಟಕಿಯ ಒಳಗೇ ಇದ್ದಾರೆ. ಅಂಬೆಗಾಲಿನ ಕತೆ ಇನ್ನೂ ಸ್ವಾರಸ್ಯದ್ದು. ಸುಮಾರು 4% ಮಕ್ಕಳು ಕೈ-ಮೊಣಕಾಲಿನ ಮೇಲೆ ಹೋಗಲೇ ಇಲ್ಲ. ಕುಂಡೆಯ ಮೇಲೆ ಜಾರಿಯೋ, ಹೊಟ್ಟೆ ಹೊಸೆದೋ ಮುಂದೆ ಹೋಗಿ, ಹಾಗೇ ಎದ್ದು ನಿಂತರು. ಬೇಗ ನಡೆಯಲೆಂದು ಗಾಲಿಯ ವಾಕರ್ ತರುವ ಅಗತ್ಯವಂತೂ ಇಲ್ಲ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಹೊಸ್ತಿಲು ಮೆಟ್ಟಿಲುಗಳಲ್ಲಿ ಮಗುಚಿ ಪೆಟ್ಟಾಗುತ್ತದೆ. ಕೆನಡಾ 2004ರಲ್ಲೇ ಅದರ ಮಾರಾಟ ನಿಷೇಧಿಸಿದೆ.

ಕಿಟಕಿ ಅಗಲವಾಗಿದ್ದರೂ ಅದಕ್ಕೆ ಚೌಕಟ್ಟಿದೆ. 9 ತಿಂಗಳ ಭೇಟಿಯಲ್ಲಿ ಆಸರೆಯಿಲ್ಲದೆ ಕೂರದ ಮಗುವನ್ನು ವೈದ್ಯರು ನೋಡಬೇಕು. 18 ತಿಂಗಳಾದರೂ ನಡೆಯದಿದ್ದರೂ ಅಷ್ಟೇ. ಒಂದು ಕೈಯನ್ನೇ ಬಳಸಿ ಇನ್ನೊಂದನ್ನು ಮುಷ್ಟಿ ಬಿಗಿದೇ ಇಟ್ಟುಕೊಳ್ಳುವುದು, ಹೆಸರು ಕರೆದರೂ ಸದ್ದು ಮಾಡಿದರೂ ತಿರುಗದಿರುವುದು, ಕಣ್ಣಲ್ಲಿ ಕಣ್ಣಿಟ್ಟು ನೋಡದಿರುವುದು ಕೂಡ ಕಾಯುವ ವಿಷಯಗಳಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು, ಬಂದ ಕಲೆ ಹೋಗುವುದು. ಕೂರುತ್ತಿದ್ದ ಮಗು ಕೂರದಾದರೆ, ಬಾಬಾ ದಾದಾ ಎನ್ನುತ್ತಿದ್ದ ಮಗು ಸುಮ್ಮನಾದರೆ, ವಯಸ್ಸು ಎಷ್ಟೇ ಇರಲಿ, ಆ ವಾರವೇ ತೋರಿಸಿ.

ಮಾತಿನ ವಿಷಯದಲ್ಲಿ ಗಡಿಭಾಗದಲ್ಲಿ ಇನ್ನೊಂದು ಗೊಂದಲ ಇದೆ. ತಂದೆಯ ಕಡೆ ಕನ್ನಡ, ತಾಯಿಯ ಕಡೆ ಮರಾಠಿ, ಎರಡು ಭಾಷೆಯಿಂದಲೇ ಮಗುವಿನ ಮಾತು ತಡವಾಗಿದೆ ಎಂದುಕೊಂಡು ಒಂದನ್ನು ನಿಲ್ಲಿಸುವವರಿದ್ದಾರೆ. ನಿಲ್ಲಿಸಬೇಕಿಲ್ಲ. ಎರಡು ಭಾಷೆ ಕೇಳಿ ಬೆಳೆಯುವ ಮಗುವಿನ ಶಬ್ದಗಳನ್ನು ಎರಡೂ ಭಾಷೆಯಲ್ಲಿ ಸೇರಿಸಿ ಎಣಿಸಬೇಕು. 'ನೀರ' ಒಂದು, 'ಆಯಿ' ಇನ್ನೊಂದು. ಹಾಗೆ ಎಣಿಸಿಯೂ 16 ತಿಂಗಳಿಗೆ ಅರ್ಥವಿರುವ ಒಂದೂ ಶಬ್ದ ಬಂದಿಲ್ಲವೆಂದರೆ ದೋಷ ಭಾಷೆಯದಲ್ಲ, ಮೊದಲು ಕಿವಿ ಪರೀಕ್ಷೆ ಮಾಡಿಸಬೇಕು. "ಅವರಪ್ಪನೂ ತಡಾ ಮಾತಾಡಿದ್ದ" ಎಂಬ ಮಾತಿನಡಿ ಕಿವುಡುತನ ಎರಡು ಮೂರು ವರ್ಷ ಅಡಗಿ ಕೂರಬಲ್ಲದು.

ತಡವಾಗಿದೆ ಎಂದು ಗೊತ್ತಾದರೆ ಮಾಡಲು ಏನಾದರೂ ಇದೆಯೇ ಎಂಬ ಪ್ರಶ್ನೆಗೆ ಬೆಳಗಾವಿ ಭಾಗದಲ್ಲೇ ಒಂದು ಉತ್ತರ ಸಿಕ್ಕಿದೆ. ಹುಟ್ಟುವಾಗ ಉಸಿರುಗಟ್ಟಿದ್ದ ಮಕ್ಕಳ ಮೇಲೆ ಇಲ್ಲಿ, ಪಾಕಿಸ್ತಾನದಲ್ಲಿ ಮತ್ತು ಜಾಂಬಿಯಾದಲ್ಲಿ ಒಂದು ಪ್ರಯೋಗ ನಡೆಯಿತು. ತರಬೇತಿ ಪಡೆದವರು ಎರಡು ವಾರಕ್ಕೊಮ್ಮೆ ಮನೆಗೆ ಹೋಗಿ, ಮಗುವಿನ ಜತೆ ಹೇಗೆ ಆಡಬೇಕು, ಮಾತಾಡಬೇಕು ಎಂದು ತಾಯಂದಿರಿಗೆ 3 ವರ್ಷ ತುಂಬುವವರೆಗೆ ಕಲಿಸಿದರು. ಆ ಮಕ್ಕಳ ಬುದ್ಧಿಯ ಬೆಳವಣಿಗೆ, ಬರೀ ಆರೋಗ್ಯದ ಸಲಹೆ ಪಡೆದ ಮನೆಗಳ ಮಕ್ಕಳಿಗಿಂತ ಉತ್ತಮವಾಗಿತ್ತು. ಬಳಸಿದ್ದು ದುಬಾರಿ ಆಟಿಕೆಗಳನ್ನಲ್ಲ.

ನಿಮ್ಮ ಮಗುವಿಗೆ ತಪಾಸಣೆ ಬೇಕೆನಿಸಿದರೆ ದಾರಿ ಹತ್ತಿರದಲ್ಲೇ ಇದೆ. ಆಶಾ ಕಾರ್ಯಕರ್ತೆ 3, 6, 9, 12 ಮತ್ತು 15ನೇ ತಿಂಗಳಿಗೆ ಮನೆಗೇ ಬರಬೇಕು, ಬಂದಾಗ ಕಾರ್ಡು ತೆಗೆದು ಮುಂದಿಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರುತ್ತದೆ, ದಿನಾಂಕವನ್ನು ಕಾರ್ಯಕರ್ತೆಯ ಬಳಿ ಮೊದಲೇ ಕೇಳಿಟ್ಟುಕೊಳ್ಳಿ. ತಂಡಕ್ಕೆ ಅನುಮಾನ ಬಂದ ಮಗುವನ್ನು ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸುತ್ತಾರೆ, ಚಿಕಿತ್ಸೆ ಉಚಿತ. ಮುಂದಿನ ಸಲ ತೂಕವಾದಾಗ ಕಿಲೋ ಎಷ್ಟು ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: "ಗೆರಿ ಏರೇತೇನ್ರೀ ಬಾಯಾರ?"